ನೆಲಾ ಬೆನ್ನಿಗೆ ಛಲೋ ಅಂತಾರ, ಆದ್ರ ಯಾರ ಬೆನ್ನಿಗೆ?

ನಮ್ಮ ಕಡೆ ಯಾರರೆ ಟೊಂಕ ಹಿಡದದ ಅಂದ್ರ ಸಾಕು, ಮೊದಲು ಬರೋ ಮಾತು ಒಂದ. "ಗಾದಿ ಬಿಟ್ಟಬಿಡ್ರಿ, ನೆಲದ ಮ್ಯಾಲೆ ಚಾಪಿ ಹಾಸ್ಕೊಂಡು ಮಲಗ್ರಿ, ಎಲ್ಲಾ ಸರಿ ಆಗ್ತದ." ಈ ಮಾತು ಪೂರಾ ಸುಳ್ಳಲ್ಲ. ಖರೇ ಅಂದ್ರ ಅರ್ಧಾ ಮಂದಿಗೆ ಖರೇ ಅದ. ನನ್ನ ತಕರಾರು ಇನ್ನರ್ಧಾ ಮಂದಿ ಬಗ್ಗೆ. ಆ ಅರ್ಧದಾಗ ನಮ್ಮಂಥಾ ಐವತ್ತು ದಾಟಿದ ಹೆಂಗಸರ ಜಾಸ್ತಿ ಇರ್ತೀವಿ ಅಂತ ನನಗ ಅನಸ್ತದ.

ಬೆನ್ನೆಲುಬು ಕೋಲಿನ್ಹಂಗ ನೆಟ್ಟಗ ಇರೂದಿಲ್ಲ. ಕುತ್ತಿಗಿ ಹತ್ರ ಒಳಗ, ಬೆನ್ನಿನ ನಡುವ ಹೊರಗ, ಟೊಂಕದಾಗ ಮತ್ತ ಒಳಗ ಬಾಗಿರ್ತದ. ಅಂಗಾತ ಮಲಗಿದ್ರ ತಲಿ, ಹೆಗಲಿನ ಹಿಂದಿನ ಎಲುಬು, ಕುಂಡಿ, ಹಿಮ್ಮಡ ಇಷ್ಟ ನೆಲಕ್ಕ ಮುಟ್ತಾವ. ಟೊಂಕ ಸ್ವಲ್ಪ ಮ್ಯಾಲೆ ಉಳೀತದ. ಆ ಸಂದು ಎಷ್ಟದ ಅನ್ನೋದು ಮುಖ್ಯ. ಕಾಲು ಚಾಚಿ ಅಂಗಾತ ಮಲಗಿ, ಟೊಂಕದ ಕೆಳಗ ಅಂಗೈ ತೂರಿಸಿ ನೋಡ್ರಿ. ಅಂಗೈ ಸ್ವಲ್ಪ ಬಿಗಿಯಾಗಿ ಹೋದ್ರ ನಿಮಗ ಚಾಪಿ ಹೊಂದತದ. ಮುಷ್ಟಿ ಹಿಡದು ತೂರಿಸಿದ್ರೂ ಸಲೀಸಾಗಿ ಆಚೀಕಡೆ ಹೋಗ್ತದ ಅಂದ್ರ ನಿಮ್ಮ ಟೊಂಕ ರಾತ್ರಿಯೆಲ್ಲಾ ಜೋತು ಬೀಳ್ತದ, ಅಲ್ಲಿನ ಸ್ನಾಯು ಸಡಲಾಗೂದ ಇಲ್ಲ. ಅಂಥವರು ಮೊಳಕಾಲಿನ ಕೆಳಗ ಒಂದು ದಿಂಬು ಇಟ್ಕೊಂಡ್ರ ಟೊಂಕ ತಾನ ಕೆಳಗ ಇಳೀತದ. ಇದು ಒಂದ ರಾತ್ರಿಯೊಳಗ ಗೊತ್ತಾಗೋ ಫರಕು.

ಇನ್ನ ಮಗ್ಗಲಾಗಿ ಮಲಗೋರ ಕಥಿ ಬ್ಯಾರೇನ ಅದ. ಮಗ್ಗಲಾದಾಗ ಮೈ ಭಾರ ಎಲ್ಲಾ ಎರಡ ಕಡೆ ಬೀಳ್ತದ, ಹೆಗಲಿನ ಮ್ಯಾಲೆ ಮತ್ತ ತೊಡಿ ಮ್ಯಾಲಿನ ಹೊರಗಿನ ಎಲುಬಿನ ಮ್ಯಾಲೆ. ನಮ್ಮ ಹೆಂಗಸರದ್ದು ಟೊಂಕ ಸಣ್ಣದು, ಕೆಳಗ ಅಗಲ. ಅಗಲ ಇದ್ದಲ್ಲಿ ನೆಲಾ ತಳ್ಳತದ, ಸಣ್ಣ ಇದ್ದಲ್ಲಿ ಹಿಡಿಯೋರು ಯಾರೂ ಇಲ್ಲ. ಗಟ್ಟಿ ನೆಲಾ ಒಂದಿಂಚೂ ತಗ್ಗೂದಿಲ್ಲ, ಅದಕ್ಕ ಮೈನ ಬಾಗಬೇಕಾಗ್ತದ. ಹೆಗಲ ಕೆಳಗ ಒತ್ತಿ ಕೈ ಜೋಮು ಹಿಡೀತದ, ತಾಸಿಗೊಮ್ಮೆ ಮಗ್ಗಲಾ ಬದಲಿಸಬೇಕಾಗ್ತದ. ತೊಡಿಯ ಹೊರಗಿನ ಆ ಎಲುಬಿನ ಹತ್ರ ಬ್ಯಾನಿ ಬರೋದು ನಮ್ಮ ವಯಸ್ಸಿನ ಹೆಂಗಸರಿಗೆ ಗಂಡಸರಕಿಂತ ಜಾಸ್ತಿ. ಆ ಬ್ಯಾನಿಗೆ ಮಂದಿ "ಟೊಂಕ" ಅಂತನ ಹೆಸರಿಟ್ಟು ಮತ್ತಷ್ಟು ಗಟ್ಟಿ ನೆಲಕ್ಕ ಕಳಸ್ತಾರ.

ನಮ್ಮ ಮನಿಯೊಳಗ ಇದು ಕಣ್ಣೆದುರಿಗೆ ಆಗ್ಯದ. ನನ್ನ ನೆಗೆಣ್ಣಿಗೆ ಐವತ್ತೇಳು. ಮಗನ ಲಗ್ನ ಆದಮ್ಯಾಲೆ ಮಂಚ ಇದ್ದ ಖೋಲಿ ಮಗಾ-ಸೊಸಿಗೆ ಹೋತು. ಭಾವನವರಿಗೆ ಮೊಳಕಾಲು ಬ್ಯಾನಿ ಅಂತ ಪಡಸಾಲಿ ದಿವಾನ ಹೋತು. ಅಕಿಗೆ ಉಳದದ್ದು ನಡುಮನಿ, ಟೈಲ್ಸ್ ಮ್ಯಾಲೆ ಒಂದು ಚಾಪಿ, ಒಂದು ಜಮಖಾನಿ. ಅಕಿ ಸಣ್ಣಾಕಿ ಇದ್ದಾಗಿಂದ ಬಲಮಗ್ಗಲಾಗಿ ಮಲಗೋ ರೂಢಿ. ವರ್ಷ ತುಂಬೂದರಾಗ ಬಲಗಡೆ ತೊಡಿ ಹೊರಗ ಬ್ಯಾನಿ ಶುರು ಆತು, ರಾತ್ರಿ ಮೂರ್ನಾಲ್ಕು ಸರ್ತಿ ಎಚ್ಚರ. ಮನಿಯೊಳಗ ಎಲ್ಲಾರೂ ಹೇಳಿದ್ದು, "ನೆಲಾ ಬೆನ್ನಿಗೆ ಛಲೋ, ಬಿಡಬ್ಯಾಡ್ರಿ." ಹಂಗ ಹೇಳಿದವರು ಒಬ್ಬರೂ ನೆಲದ ಮ್ಯಾಲೆ ಮಲಗ್ತಿರಲಿಲ್ಲ.

ಕಡೀಕ ಡಾಕ್ಟರ ಹತ್ರ ಹೋದಾಗ ಅವರು ತೊಡಿಯ ಹೊರಗಿನ ಎಲುಬಿನ ಮ್ಯಾಲೆ ಬೆರಳಿಟ್ಟು ಒತ್ತಿದ್ರು. ಅಕಿ ಚೀರಿದ್ಲು. ಬೆನ್ನಿನ ಮ್ಯಾಲೆ ಒತ್ತಿದಾಗ ಏನೂ ಅನಸಲಿಲ್ಲ. "ಇದು ಬೆನ್ನೆಲುಬಿಂದಲ್ಲ, ಆ ಮಗ್ಗಲಾ ಗಟ್ಟಿ ಜಾಗಾದಾಗ ಮಲಗಬ್ಯಾಡ್ರಿ" ಅಂದ್ರು. ಮಗಾ ಹುಡುಗ ಛಲೋನವ, ಎಂಟು ಇಂಚಿನ ಮೆತ್ತನ್ನ ಫೋಮ್ ಗಾದಿ ತಂದಹಾಕಿದ. ಹದಿನೈದು ದಿನದಾಗ ತೊಡಿ ಬ್ಯಾನಿ ಕಡಿಮಿ ಆತು, ಆದ್ರ ಮುಂಜಾನೆ ಏಳೋವಾಗ ಟೊಂಕ ಹಿಡಕೊಳ್ಳಿಕತ್ತಿತು. ಯಾಕಂದ್ರ ಮೆತ್ತನ್ನ ಗಾದಿಯೊಳಗ ಭಾರ ಇದ್ದ ಕುಂಡಿ ಕೆಳಗ ಇಳೀತದ, ತಲಿ-ಕಾಲು ಮ್ಯಾಲೆ ಉಳೀತಾವ. ಜೋಳಿಗಿಯೊಳಗ ಕೂಸು ಮಲಗಿದ್ಹಂಗ. ಕೂಸಿಗೆ ಅದು ಸುಖ, ನಮಗಲ್ಲ.

ಆಮ್ಯಾಲೆ ಮಾಡಿದ್ದು ಇಷ್ಟ. ಒಂದು ಗಿಡ್ಡ ಮಂಚ, ಮ್ಯಾಲೆ ಹಲಗಿ. ಅಟ್ಟದ ಮ್ಯಾಲಿದ್ದ ಹಳೇ ಹತ್ತಿ ಗಾದಿ ಬಿಚ್ಚಿಸಿ, ಹತ್ತಿ ಹಿಂಜಿಸಿ, ಮತ್ತ ತುಂಬಿಸಿದ್ರು. ಮೂರು ಇಂಚು ದಪ್ಪ ಆತು. ಅದರ ಮ್ಯಾಲೆ ಎರಡು ಮಡಿಕಿ ಮಾಡಿದ ಕೌದಿ. ಮಗ್ಗಲಾಗಿ ಮಲಗೋವಾಗ ಎರಡು ಮೊಳಕಾಲಿನ ನಡುವ ಒಂದು ದಿಂಬು, ಇಲ್ಲಂದ್ರ ಮ್ಯಾಲಿನ ಕಾಲು ಮುಂದ ಜಾರಿ ಟೊಂಕ ತಿರುವತದ. ತಲಿದಿಂಬು ಕಿವಿ ಮತ್ತ ಹೆಗಲಿನ ನಡುವಿನ ಸಂದು ತುಂಬೋವಷ್ಟು ಎತ್ತರ. ಬ್ಯಾನಿ ಇದ್ದ ಬಲಮಗ್ಗಲಾ ಬಿಟ್ಟು ಎಡಮಗ್ಗಲಾ ಮಲಗಿದ್ಲು. ತಿಂಗಳೊಪ್ಪತ್ತಿನ್ಯಾಗ ಅಕಿ ರಾತ್ರಿ ಒಂದ ನಿದ್ದಿ ಮಾಡಿಕತ್ತಿದ್ಲು.

ಅಂದ್ರ ಗಟ್ಟಿ ಇದ್ದಷ್ಟು ಛಲೋ ಅನ್ನೋದೂ ತಪ್ಪು, ಮೆತ್ತಗ ಇದ್ದಷ್ಟು ಸುಖ ಅನ್ನೋದೂ ತಪ್ಪು. ಮೊದಲ ಡಾಕ್ಟರೂ ಬೆನ್ನು ಬ್ಯಾನಿಗೆ "ಹಲಗಿ ಮ್ಯಾಲೆ ಮಲಗ್ರಿ" ಅಂತನ ಹೇಳ್ತಿದ್ರು. 2003ರಾಗ ಸ್ಪೇನ್ ದೇಶದ ಡಾಕ್ಟರು ಇದನ್ನ ಪರೀಕ್ಷಾ ಮಾಡಿ ನೋಡ್ಯಾರ. ಬಹಳ ದಿನದಿಂದ ಟೊಂಕ ಬ್ಯಾನಿ ಇದ್ದ 313 ಮಂದಿಯೊಳಗ ಕೆಲವರಿಗೆ ಭಾಳ ಗಟ್ಟಿ ಗಾದಿ, ಕೆಲವರಿಗೆ ಮಧ್ಯಮ ಗಟ್ಟಿ ಗಾದಿ ಕೊಟ್ರು. 90 ದಿನ ಆದಮ್ಯಾಲೆ ಮಧ್ಯಮ ಗಾದಿಯವರಿಗೆ ಬ್ಯಾನಿ ಹೆಚ್ಚು ಕಡಿಮಿ ಆಗಿತ್ತು. ಅವರು ನೆಲದ ಮ್ಯಾಲಿನ ಚಾಪಿ ನೋಡಲಿಲ್ಲ, ಅದಕ್ಕ ಚಾಪಿ ಕೆಟ್ಟದ್ದು ಅಂತ ನಾ ಅದರಿಂದ ಹೇಳೂದಿಲ್ಲ. ಆದ್ರ "ಗಟ್ಟಿ ಅಂದ್ರ ಔಷಧ" ಅನ್ನೋ ಮಾತು ಮಾತ್ರ ಇನ್ನ ಸಾಕು.

ನಮ್ಮ ಅಜ್ಜಿ ಚಾಪಿ ಮ್ಯಾಲೆ ಮಲಗಿ ಎಂಬತ್ತು ವರ್ಷ ಗಟ್ಟಿ ಇದ್ಲು ಅಂತ ನೀವು ಅನ್ನಬಹುದು. ನಂದೂ ಅಜ್ಜಿ ಹಂಗ ಇದ್ಲು. ಆದ್ರ ಆ ನೆಲಾ ಯಾವ ನೆಲಾ? ಸೆಗಣಿ ಸಾರಿಸಿದ ಮಣ್ಣಿನ ನೆಲಾ. ಈಗಿಂದು ಟೈಲ್ಸು, ಫರಸಿ. ಕಲ್ಲು ಮೈಯ ಬಿಸಿ ಲಗೂ ಎಳಕೋತದ, ಚಳಿಗಾಲದಾಗ ನಸೀಕಲೆ ಮೈಯೆಲ್ಲಾ ಬಿಗೀತದ. ಅಜ್ಜಿ ದಿನಾ ನೆಲದ ಮ್ಯಾಲೆ ಕೂತು ರೊಟ್ಟಿ ಬಡದು, ಬೀಸಿ, ಹತ್ತು ಸರ್ತಿ ಕೂತು ಎದ್ದು ಮಾಡ್ತಿದ್ಲು. ಅಕಿ ಮೊಳಕಾಲಿಗೆ ಏಳೋದು ರೂಢಿ ಇತ್ತು. ನಾವು ಕಟ್ಟಿ ಮುಂದ ನಿಂತು ಅಡಗಿ ಮಾಡಿ, ಖುರ್ಚಿ ಮ್ಯಾಲೆ ಕೂತು ಉಂಡು, ರಾತ್ರಿ ಒಮ್ಮೆಲೆ ನೆಲಕ್ಕ ಇಳದ್ರ ಮೊಳಕಾಲು ಕೇಳೂದಿಲ್ಲ.

ಅದಕ್ಕ ನಾ ನೋಡೋ ಎರಡನೇ ಪರೀಕ್ಷಾ ಮಲಗೋದಲ್ಲ, ಏಳೋದು. ನೆಲದಿಂದ ಏಳೋವಾಗ ಅಂಗಾತಿಂದ ಸೀದಾ ಏಳಬಾರದು, ಟೊಂಕಕ್ಕ ಜಗ್ಗತದ. ಮೊದಲು ಮಗ್ಗಲಾಗಬೇಕು, ಕೈ ಊರಿ ಕೂಡಬೇಕು, ಅಂಬೆಗಾಲಿಗೆ ಬರಬೇಕು, ಒಂದು ಪಾದ ಮುಂದ ಇಟ್ಟು ಆಮ್ಯಾಲೆ ಏಳಬೇಕು. ಹಿಂಗ ಯಾರ ಕೈನೂ ಹಿಡೀದ ಏಳಲಿಕ್ಕ ಬಂದ್ರ ನೆಲಾ ಬಿಡೋ ಕಾರಣ ಇಲ್ಲ, ಅದೂ ಮೊಳಕಾಲಿಗೆ ಒಂದು ವ್ಯಾಯಾಮನ. ಗ್ವಾಡಿ ಹಿಡದು, ಸ್ಟೂಲ್ ಹಿಡದು ಏಳಬೇಕಾದ್ರ, ಇಲ್ಲಾ ಏಳೋವಾಗ ತಲಿ ಗಿರ್ ಅಂದ್ರ, ರಾತ್ರಿ ಕತ್ತಲಾಗ ಬಾಥರೂಮಿಗೆ ಹೋಗೋವಾಗ ಬಿದ್ದು ಎಲುಬು ಮುರಕೊಳ್ಳೋದು ಬೆನ್ನು ಬ್ಯಾನಿಕಿಂತ ದೊಡ್ಡದು. ಅಂಥವರಿಗೆ ಮಂಚ ಬೇಕ. ಕೂತಾಗ ಪಾದ ಪೂರಾ ನೆಲಕ್ಕ ಊರಬೇಕು, ಅಷ್ಟ ಎತ್ತರ ಸಾಕು.

ನೆಲದ ಮ್ಯಾಲ ಮಲಗೋರು ಬರೇ ಚಾಪಿ ಮ್ಯಾಲೆ ಮಲಗಬ್ಯಾಡ್ರಿ. ಅಂಗಾತ ಮಲಗೋರಿಗೆ ಚಾಪಿ, ಮ್ಯಾಲೆ ಎರಡು ಕೌದಿ ಸಾಕು. ಮಗ್ಗಲಾಗಿ ಮಲಗೋರಿಗೆ ಎರಡು-ಮೂರು ಇಂಚಿನ ಹತ್ತಿ ಗಾದಿ ಬೇಕಾಗ್ತದ. ಆ ಗಾದಿ ನೆಲದ ಮ್ಯಾಲ ಹಂಗ ಬಿಟ್ರ ಮೈ ಬೆವರು ಕೆಳಗ ಕೂತು ಕರೀ ಬೂಸ್ಟು ಬರ್ತದ, ದಿನಾ ಎತ್ತಿಡಬೇಕು, ವಾರಕ್ಕೊಮ್ಮೆ ಬಿಸಲಿಗೆ ಹಾಕಬೇಕು. ಹತ್ತಿ ಗಾದಿ ನಡುವ ಕುಣಿ ಬಿದ್ದದೋ ಇಲ್ಲೋ ನೋಡಲಿಕ್ಕ ಅಡ್ಡಾ ಒಂದು ಉದ್ದನ್ನ ಕೋಲು ಇಡ್ರಿ. ಕೋಲಿನ ಕೆಳಗ ಎರಡು ಬೆರಳು ತೂರಿದ್ರ ಹಿಂಜಿಸೋ ಹೊತ್ತು ಬಂದದ. ಕುಣಿ ಬಿದ್ದ ಗಾದಿಕಿಂತ ಬರೇ ಚಾಪಿನ ವಾಸಿ.

ಬ್ಯಾನಿ ಹಾಸಿಗಿದೋ ಬ್ಯಾರೆದೋ ಅಂತ ತಿಳಕೊಳ್ಳೋದೂ ಬೇಕು. ಹಾಸಿಗಿ ಬ್ಯಾನಿ ಎದ್ದಾಗ ಇರ್ತದ, ಅಡ್ಡಾಡಿದ್ರ ಅರ್ಧಾ ತಾಸಿನ್ಯಾಗ ಹೋಗ್ತದ, ತವರಮನಿಗೆ ಹೋಗಿ ಬ್ಯಾರೆ ಹಾಸಿಗಿ ಮ್ಯಾಲೆ ಮಲಗಿದ್ರ ಬದಲಾಗ್ತದ. ಆದ್ರ ಬ್ಯಾನಿ ಕಾಲಿಗೆ ಇಳದು ಜೋಮು ಹಿಡದ್ರ, ಕಾಲಿನ ಶಕ್ತಿ ಕಡಿಮಿ ಆದ್ರ, ಜ್ವರ ಬಂದ್ರ, ಬಿದ್ದಮ್ಯಾಲೆ ಶುರು ಆಗಿದ್ರ ಚಾಪಿ-ಗಾದಿ ಬದಲಿಸಿಕೋತ ಕೂಡಬ್ಯಾಡ್ರಿ, ಡಾಕ್ಟರ ಹತ್ರ ಹೋಗ್ರಿ. ಉಚ್ಚಿ ತಡಕೊಳ್ಳಲಿಕ್ಕ ಬರವಲ್ದು ಅಂದ್ರ ಅವತ್ತ ಹೋಗ್ರಿ.

ಮನಿಯೊಳಗ ಯಾರು ಮಂಚದ ಮ್ಯಾಲೆ, ಯಾರು ನೆಲದ ಮ್ಯಾಲೆ ಅಂತ ಬೆನ್ನು ನೋಡಿ ಯಾರೂ ಹಂಚೂದಿಲ್ಲ. ಕಡೀಗೆ ಮಲಗೋರಿಗೆ, ಎಲ್ಲಾರಕಿಂತ ಮೊದಲು ಏಳೋರಿಗೆ ಉಳದ ಜಾಗಾ ಸಿಗ್ತದ. ಹೊಂದಿದ್ರ ನೆಲದ ಮ್ಯಾಲೆ ಜರೂರ ಮಲಗ್ರಿ. ಹೊಂದದಿದ್ರ "ನೆಲಾ ಬೆನ್ನಿಗೆ ಛಲೋ" ಅನ್ನೋರಿಗೆ ಒಂದು ವಾರ ಚಾಪಿ ಬಿಟ್ಟುಕೊಟ್ಟು, ಅವರ ಮಂಚದ ಮ್ಯಾಲೆ ನೀವು ಮಲಗಿ ನೋಡ್ರಿ. ಎಂಟನೇ ದಿನಾ ಯಾರಿಗೆ ಯಾವುದು ಛಲೋ ಅಂತ ಇಬ್ಬರೂ ಕೂತು ಮಾತಾಡಬಹುದು.