ಖರೀದಿ ಪತ್ರದಲ್ಲಿ ಕಾಣದ ಅಕ್ಕತಂಗಿಯರು

ಹೋದ ತಿಂಗಳು ನಮ್ಮ ನಾದಿನಿ ಮುಡಬಿಯಲ್ಲಿ ಮನೆ ಕಟ್ಟಲಿಕ್ಕೆ ಒಂದು ಜಾಗ ನೋಡಿದಳು. "ವೈನಿ, ಇ.ಸಿ.ಯಲ್ಲಿ ಏನೂ ಬೋಜಾ ಇಲ್ಲಂತ ಬಂದದ. ಮುಂಗಡ ಕೊಟ್ಟುಬಿಡಲೇನ್ರಿ?" ಅಂತ ಕಾಗದ ಹಿಡಿದುಕೊಂಡು ಬಂದಳು. ಒಗ್ಗರಣೆ ಇಳಿಸಿ ಕೂತು ನೋಡಿದೆ.

ಅದು ನಮೂನೆ 16. ಕೇಳಿದ ಅವಧಿಯಲ್ಲಿ ಯಾವ ನೋಂದಣಿಯೂ ಇಲ್ಲವೆಂದಾಗ ಕೊಡುವಂಥದು. ಆದರೆ ಅವಧಿ 2012ರಿಂದ ಶುರು! ಮಾರುವವರು ತಾವು ಕೊಂಡದ್ದೇ 2011ರಲ್ಲಿ. ಅದರ ಹಿಂದಿನದನ್ನು ಕೇಳದಿದ್ದರೆ ಇ.ಸಿ. ತಾನಾಗಿ ಹೇಳುವುದಿಲ್ಲ ನೋಡಿ.

ಬಸವಕಲ್ಯಾಣದ ಉಪನೋಂದಣಿ ಕಚೇರಿಯಿಂದ 1985ರಿಂದ ಇಲ್ಲಿಯ ತನಕದ್ದನ್ನು ತೆಗೆಸಿದೆವು. ಈ ಸಲ ಬಂದದ್ದು ನಮೂನೆ 15, ಅದರಲ್ಲಿ ಮೂರು ಸಾಲು: 1988ರ ಖರೀದಿ, 1996ರ ಅಡವು, 2011ರ ಖರೀದಿ. ಮಗಳ ಹಳೆಯ ನೋಟುಬುಕ್ಕಿನಲ್ಲಿ ಎರಡು ಕಾಲಂ ಹಾಕಿ ಬರೆದುಕೊಟ್ಟವರು, ಬರೆಸಿಕೊಂಡವರು ಅಂತ ಹೆಸರು ಇಳಿಸಿದೆ. ಒಂದು ಖರೀದಿಯಲ್ಲಿ ಬರೆಸಿಕೊಂಡವರೇ ಮುಂದಿನ ಖರೀದಿಯಲ್ಲಿ ಬರೆದುಕೊಟ್ಟವರಾಗಿ ಬರಬೇಕು. 1988ರಲ್ಲಿ ಕೊಂಡವರು ತಂದೆ, 2011ರಲ್ಲಿ ಮಾರಿದವನು ಮಗ. ಕೊಂಡಿ ಅಲ್ಲಿ ಕಳಚಿತ್ತು.

ನಡುವೆ ತಂದೆ ತೀರಿಕೊಂಡಿದ್ದರು. ಸಾವು ಇ.ಸಿ.ಯಲ್ಲಿ ಬರುವುದಿಲ್ಲ, ನೋಂದಣಿಯಾದ ಪತ್ರ ಮಾತ್ರ ಬರುತ್ತದೆ. ಆ ಜಾಗ ತಂದೆಯ ಸ್ವಂತ ದುಡಿಮೆಯದು, ಅವರು ಮರಣಶಾಸನ ಬರೆದಿರಲಿಲ್ಲ. ಅಂಥಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. (ತೀರಿಕೊಂಡವರ ತಾಯಿ ಆಗ ಬದುಕಿದ್ದರೆ ಆಕೆಗೂ ಒಂದು.) ವಂಶಾವಳಿ ತರಿಸಿದಾಗ ತಾಯಿ, ಒಬ್ಬ ಮಗ, ಇಬ್ಬರು ಮದುವೆಯಾದ ಹೆಣ್ಣುಮಕ್ಕಳು ಇದ್ದರು. ಒಟ್ಟು ನಾಲ್ಕು ಪಾಲು. 2011ರ ಪತ್ರಕ್ಕೆ ಸಹಿ ಒಬ್ಬನದೇ! ಅಂದರೆ ಕೊಂಡವರಿಗೆ ದಕ್ಕಿದ್ದು ಕಾಲು ಪಾಲು.

"ಪಂಚಾಯಿತಿಯಲ್ಲಿ ಖಾತೆ ಮಗನ ಹೆಸರಿಗೇ ಆಗಿತ್ತಲ್ಲ" ಅಂದರು ಮಾರುವವರು. ಖಾತೆ ಇರುವುದು ಕರ ಕಟ್ಟಲಿಕ್ಕೆ. ಅದರಿಂದ ಅಕ್ಕತಂಗಿಯರ ಹಕ್ಕು ಹೋಗುವುದಿಲ್ಲ. ಪತ್ರದಲ್ಲಿ "ಪಿತ್ರಾರ್ಜಿತವಾಗಿ ಬಂದ ಸ್ವತ್ತು" ಎಂಬ ಮಾತು ಕಂಡರೆ ಅಲ್ಲೇ ನಿಂತು, ಉಳಿದ ವಾರಸುದಾರರು ಎಲ್ಲಿ ಅಂತ ಕೇಳಿರಿ.

1996ರ ಅಡವೂ ತೀರಿದ್ದಕ್ಕೆ ಎದುರು ಸಾಲು ಇರಲಿಲ್ಲ. ಸಾಲ ಕಟ್ಟಿಯೂ ತೀರುವಳಿ ಪತ್ರ ನೋಂದಾಯಿಸದೆ ಬಿಡುವವರು ಇರುತ್ತಾರೆ. ಕಟ್ಟಿದ್ದು ನಿಜವೋ ಅಲ್ಲವೋ ಸಾಲ ಕೊಟ್ಟ ಸಂಘದವರೇ ಬರೆದುಕೊಡಬೇಕು, ಬಾಯಿಮಾತು ಸಾಲದು.

ನಾವು ಕೇಳಿದ್ದು ಇಷ್ಟು: ಆ ತಾಯಿ, ಇಬ್ಬರು ಹೆಣ್ಣುಮಕ್ಕಳು ಹೊಸ ಖರೀದಿ ಪತ್ರದಲ್ಲಿ ತಾವೂ ಮಾರುವವರಾಗಿ ಸಹಿ ಹಾಕಬೇಕು, ಅವರ ಪಾಲಿನ ಹಣ ಅವರ ಕೈಗೇ ಸೇರಬೇಕು. ಒಬ್ಬಾಕೆ ಹುಮನಾಬಾದಿನಲ್ಲಿದ್ದಾಳೆ, ಒಪ್ಪಿದ್ದಾಳೆ. ಸೊಲ್ಲಾಪುರದಾಕೆ ದೀಪಾವಳಿಗೆ ತವರಿಗೆ ಬಂದಾಗ ಮಾತಾಡುತ್ತೇನೆ ಅಂದಿದ್ದಾಳಂತೆ. ಅಲ್ಲಿಯ ತನಕ ಮುಂಗಡ ನಾದಿನಿಯ ಟ್ರಂಕಿನಲ್ಲೇ ಇದೆ.