ಮಂಡಿ ಮಳಿಗೆಯ ‘ವಹಿವಾಟು’ ಯಾವುದು? ತೆರಿಗೆ ಲೆಕ್ಕಪರಿಶೋಧನೆಯ ಮಿತಿ ಮತ್ತು ಪರಿಶೋಧಕರ ಪ್ರಶ್ನೆಗಳು

ಜಗಳೂರು: ಮೆಕ್ಕೆಜೋಳ, ಈರುಳ್ಳಿ, ಶೇಂಗಾ ಬೆಳೆಯುವ ಈ ಬರಪೀಡಿತ ತಾಲ್ಲೂಕಿನ ಮಂಡಿ ವ್ಯಾಪಾರಸ್ಥರಿಗೆ ಪ್ರತಿವರ್ಷ ಲೆಕ್ಕ ಮುಗಿಸುವ ಹೊತ್ತಿಗೆ ಎದುರಾಗುವ ಪ್ರಶ್ನೆಯೊಂದಿದೆ. ವರ್ಷವಿಡೀ ಮಳಿಗೆಯಲ್ಲಿ ಕೋಟಿಗಟ್ಟಲೆ ರೂಪಾಯಿಯ ಮಾಲು ಬಿಕರಿಯಾಗಿದೆ, ಕೈಯಲ್ಲಿ ಉಳಿದದ್ದು ಕೆಲವೇ ಲಕ್ಷ. ಆದಾಯ ತೆರಿಗೆ ಕಾಯ್ದೆ ಹೇಳುವ ‘ವಹಿವಾಟು’ ಇವೆರಡರಲ್ಲಿ ಯಾವುದು? ಲೆಕ್ಕವನ್ನು ಚಾರ್ಟರ್ಡ್ ಅಕೌಂಟೆಂಟ್‌ರಿಂದ ಪರಿಶೋಧನೆಗೆ ಒಳಪಡಿಸಬೇಕೆ ಬೇಡವೆ ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

1961ರ ಆದಾಯ ತೆರಿಗೆ ಕಾಯ್ದೆಗೆ 44ಎಬಿ ಕಲಮನ್ನು ಸೇರಿಸಿದ್ದು 1984ರಲ್ಲಿ. ಆಗ ವ್ಯಾಪಾರಕ್ಕಿದ್ದ ಮಿತಿ 40 ಲಕ್ಷ ರೂಪಾಯಿ. 2010ರ ಬಜೆಟ್ಟಿನಲ್ಲಿ ಅದು 60 ಲಕ್ಷಕ್ಕೂ 2012ರಲ್ಲಿ ಒಂದು ಕೋಟಿಗೂ ಏರಿತು. 2020ರಲ್ಲಿ ಹೊಸ ಷರತ್ತೊಂದು ಬಂದಿತು: ವರ್ಷದ ಒಟ್ಟು ಸ್ವೀಕೃತಿಯಲ್ಲಿ ನಗದು ಶೇ 5ನ್ನು ಮೀರದೆ, ಒಟ್ಟು ಪಾವತಿಯಲ್ಲಿಯೂ ನಗದು ಶೇ 5ನ್ನು ಮೀರದಿದ್ದರೆ ಮಿತಿ ಐದು ಕೋಟಿ. ಮರುವರ್ಷವೇ ಅದನ್ನು ಹತ್ತು ಕೋಟಿಗೆ ಏರಿಸಲಾಯಿತು. 2026ರ ಏಪ್ರಿಲ್ 1ರಿಂದ ಆರಂಭವಾಗುವ ವರ್ಷಗಳಿಗೆ 2025ರ ಹೊಸ ಕಾಯ್ದೆಯ 63ನೇ ಕಲಮು ಅನ್ವಯ. ಅದಕ್ಕೆ ಹಿಂದಿನ ವರ್ಷಗಳ ಲೆಕ್ಕಕ್ಕೆ 44ಎಬಿಯೇ ಆಧಾರ.

ಮಿತಿ ಎಷ್ಟೆಂಬುದು ತಿಳಿದರೂ ಅದನ್ನು ಯಾವ ಮೊತ್ತಕ್ಕೆ ಹೋಲಿಸಬೇಕೆಂಬುದು ಮಂಡಿಯಲ್ಲಿ ಅಷ್ಟು ಸರಳವಲ್ಲ. ಈ ಗೊಂದಲಕ್ಕೆ ಕೇಂದ್ರ ನೇರ ತೆರಿಗೆಗಳ ಮಂಡಳಿ 1986ರ ಮಾರ್ಚ್ 17ರಂದು ಹೊರಡಿಸಿದ 452ನೇ ಸುತ್ತೋಲೆ ಉತ್ತರ ನೀಡಿದೆ. ಅದು ದಲ್ಲಾಳಿಗಳನ್ನು ‘ಕಚ್ಚಾ ಅಡತ್ಯಾ’ ಮತ್ತು ‘ಪಕ್ಕಾ ಅಡತ್ಯಾ’ ಎಂದು ಎರಡಾಗಿ ವಿಂಗಡಿಸುತ್ತದೆ. ರೈತನ ಮಾಲನ್ನು ರೈತನ ಪರವಾಗಿಯೇ ಮಾರಿಸಿ, ಕಮಿಷನ್ ಹೊರತು ಲಾಭನಷ್ಟದಲ್ಲಿ ಪಾಲಿಲ್ಲದವನು ಕಚ್ಚಾ. ಮಾಲಿನ ಮೇಲೆ ಅವನಿಗೆ ಒಡೆತನವಿಲ್ಲ. ವ್ಯವಹಾರದಲ್ಲಿ ನಷ್ಟವಾದರೆ ಮಾಲಿನ ಧಣಿಯೇ ಅದನ್ನು ತುಂಬಿಕೊಡಬೇಕು. ಇಂಥವನ ವಹಿವಾಟೆಂದರೆ ಕಮಿಷನ್ ಮಾತ್ರ. ಮಾಲನ್ನು ತನ್ನ ಖಾತೆಗೆ ಕೊಳ್ಳಬಲ್ಲವನು, ಇಬ್ಬರು ಕಕ್ಷಿದಾರರಿಗೂ ತಾನೇ ಹೊಣೆಯಾಗುವವನು ಪಕ್ಕಾ. ಅವನ ಪಾಲಿಗೆ ಮಾರಾಟದ ಸಂಪೂರ್ಣ ಮೊತ್ತವೇ ವಹಿವಾಟು.

ಒಂದು ಕಲ್ಪಿತ ಉದಾಹರಣೆಯಿಂದ ಇದನ್ನು ನೋಡಬಹುದು. ಜಗಳೂರಿನ ಮಳಿಗೆಯೊಂದರ ಮೂಲಕ ವರ್ಷಕ್ಕೆ 6 ಕೋಟಿ ರೂಪಾಯಿಯ ರೈತರ ಮಾಲು ಟೆಂಡರಿನಲ್ಲಿ ಮಾರಾಟವಾಯಿತೆನ್ನೋಣ. ಶೇ 2ರಂತೆ ಕಮಿಷನ್ 12 ಲಕ್ಷ. ಮಳಿಗೆಯವರು ಕಚ್ಚಾ ಅಡತ್ಯಾ ಆಗಿದ್ದರೆ ಅವರ ವಹಿವಾಟು 12 ಲಕ್ಷ ಮಾತ್ರ. ಒಂದು ಕೋಟಿಯ ಮಿತಿ ಬಹಳ ದೂರ. ಆದರೆ ಒಂದು ಮಾತು ನೆನಪಿನಲ್ಲಿರಬೇಕು. ಸಣ್ಣ ವ್ಯಾಪಾರಿಗಳು ವಹಿವಾಟಿನ ಶೇ 8 ಅಥವಾ ಶೇ 6ನ್ನು ಆದಾಯವೆಂದು ಘೋಷಿಸಿ ಲೆಕ್ಕಪುಸ್ತಕದ ಹೊರೆಯಿಂದ ಪಾರಾಗುವ 44ಎಡಿ ಸೌಲಭ್ಯ ಕಮಿಷನ್ ಆದಾಯಕ್ಕೆ ಇಲ್ಲ. ಪರಿಶೋಧನೆ ಬೇಡವಾದರೂ ಅವರು ನೈಜ ಲೆಕ್ಕವನ್ನೇ ತೋರಿಸಬೇಕು.

ಈಗ ಅದೇ ಊರಿನ ಮತ್ತೊಬ್ಬ ವ್ಯಾಪಾರಿಯನ್ನು ನೋಡೋಣ. ಅವರು ಸ್ವಂತ ಖಾತೆಗೆ 25,000 ಕ್ವಿಂಟಲ್ ಮೆಕ್ಕೆಜೋಳವನ್ನು 2,200 ರೂಪಾಯಿ ದರದಲ್ಲಿ, ಅಂದರೆ 5.50 ಕೋಟಿಗೆ ಕೊಂಡರು. ಹಮಾಲಿ, ಲಾರಿ ಬಾಡಿಗೆ ಇತ್ಯಾದಿಗೆ 10 ಲಕ್ಷ. ಒಟ್ಟು ಪಾವತಿ 5.60 ಕೋಟಿ. ಮಾಲನ್ನು ಕೋಳಿ ಆಹಾರ ಕಾರ್ಖಾನೆಗಳಿಗೆ ಮಾರಿ ಬಂದ ಸುಮಾರು 5.70 ಕೋಟಿ ಪೂರ್ತಿಯಾಗಿ ಬ್ಯಾಂಕಿನ ಮೂಲಕವೇ ಜಮೆಯಾಯಿತು. ಸ್ವೀಕೃತಿಯ ಷರತ್ತಿಗೆ ಕುಂದಿಲ್ಲ. ಇನ್ನು ಪಾವತಿ: 5.60 ಕೋಟಿಯ ಶೇ 5 ಎಂದರೆ 28 ಲಕ್ಷ. ನಗದು ಪಾವತಿ 25 ಲಕ್ಷವಿದ್ದರೆ ಹತ್ತು ಕೋಟಿಯ ಮಿತಿ ಸಿಗುತ್ತದೆ, ಪರಿಶೋಧನೆ ಬೇಕಿಲ್ಲ. ರೈತರ ಒತ್ತಾಯಕ್ಕೆ 40 ಲಕ್ಷವನ್ನು ನಗದಾಗಿ ಎಣಿಸಿದ್ದರೆ ಪ್ರಮಾಣ ಶೇ 7ನ್ನು ದಾಟಿ, ಮಿತಿ ಒಂದೇ ಏಟಿಗೆ ಒಂದು ಕೋಟಿಗೆ ಇಳಿಯುತ್ತದೆ, ಪರಿಶೋಧನೆ ಕಡ್ಡಾಯವಾಗುತ್ತದೆ.

ಬಹಳಷ್ಟು ವ್ಯಾಪಾರಿಗಳು ಎಡವುವುದು ಇಲ್ಲಿಯೇ. ಒಬ್ಬರಿಗೆ ಒಂದು ದಿನದಲ್ಲಿ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ವೆಚ್ಚವನ್ನು ಆದಾಯದಿಂದ ಕಳೆಯಲು 40ಎ(3) ಕಲಮು ಬಿಡುವುದಿಲ್ಲ. ಕೃಷಿ ಉತ್ಪನ್ನಕ್ಕಾಗಿ ಬೆಳೆದ ರೈತನಿಗೇ ಕೊಡುವ ಹಣಕ್ಕೆ 6ಡಿಡಿ ನಿಯಮದಲ್ಲಿ ವಿನಾಯಿತಿಯಿದೆ. ಆದರೆ ಆ ವಿನಾಯಿತಿ ವೆಚ್ಚದ ಮಾನ್ಯತೆಗೆ ಸೀಮಿತ. ಶೇ 5ರ ಲೆಕ್ಕದಲ್ಲಿ ಅಂಥ ರಿಯಾಯಿತಿ ಇಲ್ಲ; ರೈತನಿಗೆ ಕೊಟ್ಟ ನಗದೂ ನಗದೇ. ಅಕೌಂಟ್ ಪೇಯಿ ಅಲ್ಲದ ಚೆಕ್ಕನ್ನೂ ಕಾಯ್ದೆ ಇಲ್ಲಿ ನಗದೆಂದೇ ಎಣಿಸುತ್ತದೆ.

ಪರಿಶೋಧನೆಗೆ ಒಳಪಟ್ಟ ಮೇಲೆ ಪರಿಶೋಧಕರು ನೋಡುವುದೇನನ್ನು? ಬೇರೆ ಕಾನೂನಿನಡಿ ಪರಿಶೋಧನೆ ಇಲ್ಲದ ವ್ಯಾಪಾರಿಗೆ ಅವರು 44ಎಬಿಯಡಿ ಕೊಡುವ ವರದಿ ನಮೂನೆ 3ಸಿಬಿ; ಅದರ ಜೊತೆಯ ವಿವರಪಟ್ಟಿ 3ಸಿಡಿ. ಮಂಡಿ ವ್ಯಾಪಾರದ ಮಟ್ಟಿಗೆ ಮೂರು ಸಂಗತಿಗಳು ಮುಖ್ಯ.

ಮೊದಲನೆಯದು ವ್ಯವಹಾರದ ಸ್ವರೂಪ. ಕಚ್ಚಾ ಅಡತ್ಯಾ ಎಂದು ಬೋರ್ಡು ಹಾಕಿಕೊಂಡರೆ ಸಾಲದು. ರೈತನಿಗೆ ಕೊಟ್ಟ ಲೆಕ್ಕಪಟ್ಟಿಯ ದರವೂ ಖರೀದಿದಾರನ ಬಿಲ್ಲಿನ ದರವೂ ಒಂದೇ ಆಗಿವೆಯೇ ಎಂದು ಪರಿಶೋಧಕರು ತಾಳೆ ನೋಡುತ್ತಾರೆ. ಕ್ವಿಂಟಲಿಗೆ 2,200 ಎಂದು ರೈತನ ಪಟ್ಟಿಯಲ್ಲಿದ್ದು, ಅದೇ ಲಾಟು 2,260ಕ್ಕೆ ಹೋಗಿದ್ದರೆ ನಡುವಿನ 60 ರೂಪಾಯಿ ಕಮಿಷನ್ ಅಲ್ಲ, ವ್ಯಾಪಾರದ ಲಾಭ. ಅಂಥ ಲಾಟುಗಳ ಪೂರ್ತಿ ಮಾರಾಟ ವಹಿವಾಟಿಗೆ ಸೇರುತ್ತದೆ.

ಎರಡನೆಯದು ತೂಕದ ಲೆಕ್ಕ. ವಿವರಪಟ್ಟಿಯ 35ನೇ ಅಂಶವು ಆರಂಭಿಕ ದಾಸ್ತಾನು, ಖರೀದಿ, ಮಾರಾಟ, ಉಳಿಕೆ ಮತ್ತು ಕೊರತೆಯನ್ನು ಪ್ರಮಾಣದಲ್ಲಿ ಕೇಳುತ್ತದೆ. ನಮ್ಮ ವ್ಯಾಪಾರಿ ಕೊಂಡದ್ದು 25,000 ಕ್ವಿಂಟಲ್, ಮಾರಿದ್ದು 24,600, ದಾಸ್ತಾನು ಶೂನ್ಯ. 400 ಕ್ವಿಂಟಲ್, ಅಂದರೆ ಶೇ 1.6 ಕೊರತೆ. ಹಸಿ ಜೋಳ ಒಣಗಿ ತೂಕ ಇಳಿಯುವುದು ಸಹಜ. ಆದರೆ ಖರೀದಿ ಸಮಯದ ತೇವಾಂಶದ ನಮೂದು ಹಾಗೂ ವೇಬ್ರಿಡ್ಜ್ ಚೀಟಿಗಳಿಲ್ಲದಿದ್ದರೆ ಅದು ಒಣಗಿದ ತೂಕವೋ ಬಿಲ್ಲಿಲ್ಲದ ಮಾರಾಟವೋ ಹೇಳುವುದು ಕಷ್ಟ. ಕೊರತೆ ಪ್ರತಿ ತಿಂಗಳೂ ಒಂದೇ ಶೇಕಡಾವಾರಿನಲ್ಲಿ ನಮೂದಾಗಿದ್ದರೆ ಅದೇ ಅನುಮಾನಕ್ಕೆ ಕಾರಣ; ಮಳೆಗಾಲದ ಮಾಲು ಮತ್ತು ಬೇಸಗೆಯ ಮಾಲು ಒಂದೇ ಸಮ ಒಣಗುವುದಿಲ್ಲ.

ಮೂರನೆಯದು ಕೈಗಡ. ಸುಗ್ಗಿಯಲ್ಲಿ ಬಂಡವಾಳ ಸಾಲದೆ ನೆಂಟರಿಷ್ಟರಿಂದ 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು 269ಎಸ್‌ಎಸ್ ಕಲಮು ನಿಷೇಧಿಸುತ್ತದೆ. ದಂಡ ಸಾಲದ ಮೊತ್ತದಷ್ಟೇ ಆಗಬಹುದು. ಪರಿಶೋಧಕರು ದಂಡ ಹಾಕುವುದಿಲ್ಲ. ಹೆಸರು, ಮೊತ್ತ, ಪಡೆದ ರೀತಿಯನ್ನು 31ನೇ ಅಂಶದಲ್ಲಿ ಬರೆಯುತ್ತಾರೆ. ಅಷ್ಟೇ ಇಲಾಖೆಗೆ ಸಾಕು.

ಪರಿಶೋಧಕರ ಕೆಲಸಕ್ಕೂ ಎಲ್ಲೆಯಿದೆ. ಪುಸ್ತಕ ಬರೆಯುವ ಹೊಣೆ ವ್ಯಾಪಾರಿಯದು. ಪರಿಶೋಧಕರು ಆಯ್ದ ಚೀಟಿಗಳನ್ನು ಪರೀಕ್ಷಿಸುತ್ತಾರೆಯೇ ಹೊರತು ಪ್ರತಿ ಚೀಲವನ್ನೂ ತೂಗುವುದಿಲ್ಲ. ತೆರಿಗೆ ನಿರ್ಧರಿಸುವ ಅಧಿಕಾರವೂ ಅವರದಲ್ಲ.

44ಎಬಿಯಡಿ ವರದಿ ಸಲ್ಲಿಸಲು ಸಾಮಾನ್ಯ ಗಡುವು ಸೆಪ್ಟೆಂಬರ್ 30. 2025ರಲ್ಲಿ ಅದನ್ನು ನವೆಂಬರ್ 10ರವರೆಗೆ ವಿಸ್ತರಿಸಲಾಗಿತ್ತು. ಪರಿಶೋಧಕರು ವರದಿಯನ್ನು ಜಾಲತಾಣಕ್ಕೆ ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯದು, ವ್ಯಾಪಾರಿ ತನ್ನ ಖಾತೆಯಿಂದ ಅದನ್ನು ಒಪ್ಪಿಕೊಳ್ಳಬೇಕು. 1961ರ ಕಾಯ್ದೆಯ 271ಬಿ ಕಲಮಿನಡಿ ತಪ್ಪಿದವರಿಗೆ ದಂಡ ವಹಿವಾಟಿನ ಶೇ 0.5 ಅಥವಾ 1.5 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅದು. ನಮ್ಮ ವ್ಯಾಪಾರಿಗೆ ಶೇ 0.5 ಎಂದರೆ ಸುಮಾರು 2.85 ಲಕ್ಷ, ಆದ್ದರಿಂದ ದಂಡ 1.5 ಲಕ್ಷಕ್ಕೆ ನಿಲ್ಲುತ್ತದೆ. ಖರ್ಚು ಕಳೆದು ಹತ್ತು ಲಕ್ಷವಷ್ಟೇ ಉಳಿದ ವ್ಯಾಪಾರದಲ್ಲಿ ಅದು ಸಣ್ಣ ಮೊತ್ತವಲ್ಲ. 25 ಲಕ್ಷಕ್ಕೂ 40 ಲಕ್ಷಕ್ಕೂ ನಡುವಿನ ವ್ಯತ್ಯಾಸ ಮಾರ್ಚ್ ಕಳೆದ ಮೇಲೆ ತಿಳಿದರೆ ಸರಿಪಡಿಸಲು ದಾರಿಯಿಲ್ಲ. ನಗದು ಪಾವತಿಯ ಮೊತ್ತವನ್ನು ತಿಂಗಳಿಗೊಮ್ಮೆ ಕೂಡಿಡುವುದೊಂದೇ ಅದನ್ನು ಮೊದಲೇ ಕಾಣುವ ದಾರಿ.