ಬಿಸಿಗಾಳಿ ಬಲೂನು ಎಷ್ಟು ಭಾರ ಎತ್ತುತ್ತದೆ? ಉತ್ತರ ಹೊರಗಿನ ತಂಪು ಗಾಳಿಯಲ್ಲಿದೆ

ಬಿಸಿಗಾಳಿ ಮೇಲಕ್ಕೇರುತ್ತದೆ, ಹಾಗಾಗಿ ಬಲೂನು ಹಾರುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಇದು ತಪ್ಪಲ್ಲ, ಆದರೆ ಅರ್ಧ ಉತ್ತರ ಅಷ್ಟೇ. ಇದನ್ನೇ ಪೂರ್ತಿ ನಂಬಿದರೆ ಬೆಂಕಿ ಜೋರು ಮಾಡಿದಷ್ಟೂ ಬಲೂನು ಹೆಚ್ಚು ಜನರನ್ನು ಎತ್ತುತ್ತದೆ ಎಂದುಕೊಳ್ಳುತ್ತೇವೆ. ನಿಜದಲ್ಲಿ, ಬೆಳಗಿನ ಚಳಿಯಲ್ಲಿ ನಾಲ್ವರನ್ನು ಹೊತ್ತೊಯ್ಯುವ ಬಲೂನು ಅದೇ ಬಿಸಿಯಲ್ಲಿ ಮಧ್ಯಾಹ್ನ ಒಬ್ಬರನ್ನಷ್ಟೇ ಎತ್ತಬಹುದು. ಹೀಗೇಕೆ ಎಂದು ಲೆಕ್ಕ ಹಾಕಿ ನೋಡೋಣ.

ಮೊದಲಿಗರೂ ಹೊಗೆಯನ್ನೇ ನಂಬಿದ್ದರು

1783ರ ಜೂನ್ 4ರಂದು ಫ್ರಾನ್ಸ್‌ನ ಆನೊನೇ ಊರಿನಲ್ಲಿ ಮಾಂಟ್‌ಗಾಲ್ಫಿಯೇ ಸಹೋದರರು ತಮ್ಮ ಬಲೂನನ್ನು ಸಾರ್ವಜನಿಕರ ಎದುರು ಹಾರಿಸಿದರು. ಅವರದು ಕಾಗದ ತಯಾರಿಸುವ ಮನೆತನ. ಹುಲ್ಲು ಮತ್ತು ಉಣ್ಣೆ ಸುಟ್ಟಾಗ ಬರುವ ದಟ್ಟ ಹೊಗೆಯಲ್ಲಿ ವಿಶೇಷವಾದ ಹಗುರ ಅನಿಲ ಇದೆ, ಬಲೂನನ್ನು ಎತ್ತುವುದು ಅದೇ ಎಂದು ಅವರು ನಂಬಿದ್ದರು. ಹೊಗೆಯಲ್ಲಿರುವ ಮಸಿಯ ಕಣಗಳು ಭಾರವನ್ನು ಕೂಡಿಸುತ್ತವೆಯೇ ಹೊರತು ಕಳೆಯುವುದಿಲ್ಲ. ಇಂದಿನ ಬಲೂನುಗಳು ಹೊಗೆಯೇ ಕಾಣದ ಪ್ರೊಪೇನ್ ಉರಿಯಲ್ಲಿ ಹಾರುತ್ತವೆ. ಕೆಲಸ ಮಾಡುವುದು ಶಾಖ ಮಾತ್ರ.

ಹೊರಗೆ ಹೋದ ಗಾಳಿಯೇ ಎತ್ತುವ ಶಕ್ತಿ

ಗಾಳಿಗೆ ತೂಕವಿಲ್ಲ ಎಂದು ನಮಗೆ ಅನಿಸುತ್ತದೆ. ಆದರೆ ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋ ತೂಗುತ್ತದೆ. ಸಣ್ಣ ಕೋಣೆಯೊಂದರ ಗಾಳಿಯೇ 40 ಕಿಲೋ ದಾಟುತ್ತದೆ.

ಈಗ 2,200 ಘನ ಮೀಟರ್ ಗಾಳಿ ಹಿಡಿಸುವ ಬಲೂನನ್ನು ತೆಗೆದುಕೊಳ್ಳೋಣ. ಕೆಲವೇ ಜನರನ್ನು ಒಯ್ಯುವ ಬಲೂನುಗಳು ಹೆಚ್ಚುಕಡಿಮೆ ಇಷ್ಟು ದೊಡ್ಡದಿರುತ್ತವೆ. ಬೀಸಣಿಗೆಯಿಂದ ತಂಪು ಗಾಳಿ ತುಂಬಿದಾಗ ಅದರೊಳಗೆ ಸುಮಾರು 2,695 ಕಿಲೋ ಗಾಳಿ ಇರುತ್ತದೆ. ಬರ್ನರ್ ಹಚ್ಚಿ ಒಳಗಿನ ಗಾಳಿಯನ್ನು ಸರಾಸರಿ 100 ಡಿಗ್ರಿಗೆ ಕಾಯಿಸಿದರೆ ಗಾಳಿ ಹಿಗ್ಗುತ್ತದೆ. ಚೀಲದ ಬಾಯಿ ಕೆಳಗಡೆ ತೆರೆದೇ ಇರುವುದರಿಂದ ಒಳಗೆ ಒತ್ತಡ ಕಟ್ಟಿಕೊಳ್ಳುವುದಿಲ್ಲ. ಹಿಗ್ಗಿ ಹೆಚ್ಚಾದ ಗಾಳಿ ಕೆಳಗಿನಿಂದ ಹೊರಹೋಗುತ್ತದೆ. 100 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ 0.946 ಕಿಲೋ ಮಾತ್ರ ತೂಗುವುದರಿಂದ ಒಳಗೆ ಉಳಿಯುವುದು ಸುಮಾರು 2,081 ಕಿಲೋ.

ಅಂದರೆ 614 ಕಿಲೋ ಗಾಳಿ ಹೊರಗೆ ಹೋಯಿತು. ಬಲೂನು ಎತ್ತಬಲ್ಲ ಒಟ್ಟು ಭಾರವೂ ಅಷ್ಟೇ, 614 ಕಿಲೋ. ನೀರಿನಲ್ಲಿ ಮುಳುಗಿದ ವಸ್ತುವನ್ನು ನೀರು ಮೇಲಕ್ಕೆ ತಳ್ಳುವ ಹಾಗೆ, ಬಲೂನನ್ನು ಸುತ್ತಲಿನ ಗಾಳಿ ಮೇಲಕ್ಕೆ ತಳ್ಳುತ್ತದೆ. ಇದು ಆರ್ಕಿಮಿಡೀಸ್ ಹೇಳಿದ ತತ್ತ್ವವೇ. ತಳ್ಳುವ ಬಲ ಹೊರಗಿನ ತಂಪು ಗಾಳಿಯದು. ಬೆಂಕಿ ಮಾಡುವುದು ಒಳಗಿನ ಹೊರೆಯನ್ನು ಇಳಿಸುವ ಕೆಲಸ.

ಈ 614 ಕಿಲೋ ಪೂರ್ತಿ ಜನರಿಗೆ ಸಿಗುವುದಿಲ್ಲ. ಬಟ್ಟೆಯ ಚೀಲ, ಬುಟ್ಟಿ, ಬರ್ನರ್, ತುಂಬಿದ ಅನಿಲದ ಸಿಲಿಂಡರುಗಳು, ಎಲ್ಲ ಸೇರಿ 330 ಕಿಲೋ ಎಂದುಕೊಳ್ಳೋಣ. ಉಳಿಯುವುದು 284 ಕಿಲೋ. ತಲಾ 70 ಕಿಲೋ ತೂಕದ ನಾಲ್ವರು, ಅದರಲ್ಲಿ ಒಬ್ಬರು ಪೈಲಟ್.

ಮಧ್ಯಾಹ್ನ ಏಕೆ ಎತ್ತುವುದಿಲ್ಲ?

ಅದೇ ಬಲೂನು, ಒಳಗೆ ಅದೇ 100 ಡಿಗ್ರಿ. ಹೊರಗಿನ ಗಾಳಿ ಮಾತ್ರ 35 ಡಿಗ್ರಿಗೆ ಕಾದಿದೆ. ಈಗ ಹೊರಗಿನ ಗಾಳಿ ಒಂದು ಘನ ಮೀಟರಿಗೆ 1.146 ಕಿಲೋ ಅಷ್ಟೇ ತೂಗುತ್ತದೆ. ಒಳಗಿನ ಗಾಳಿಗೂ ಇದಕ್ಕೂ ಇರುವ ವ್ಯತ್ಯಾಸ 0.2 ಕಿಲೋಗೆ ಇಳಿಯುತ್ತದೆ, ಒಟ್ಟು ಎತ್ತುವ ಭಾರ ಸುಮಾರು 440 ಕಿಲೋಗೆ ಇಳಿಯುತ್ತದೆ. ಬಲೂನಿನದೇ 330 ಕಿಲೋ ಕಳೆದರೆ ಉಳಿಯುವುದು 110 ಕಿಲೋ. ಪೈಲಟ್ ಒಬ್ಬರೇ ಹೋಗಬಹುದು.

ಬಲೂನುಗಳು ಸೂರ್ಯೋದಯದ ಹೊತ್ತಿಗೆ ಹೊರಡುವುದಕ್ಕೆ ಇದೊಂದು ಕಾರಣ. ಬಿಸಿಲೇರಿದಂತೆ ನೆಲ ಕಾದು ಏಳುವ ಗಾಳಿಯ ಸುಳಿಗಳಿಂದ ಬಲೂನು ಹಿಡಿತಕ್ಕೆ ಸಿಗದೇ ಹೋಗುವುದು ಇನ್ನೊಂದು ಕಾರಣ.

ಎತ್ತರದ ಊರಿನಲ್ಲಿ ಒಬ್ಬರು ಕಡಿಮೆ

ಚಳಿ ಇದ್ದರಷ್ಟೇ ಸಾಲದು, ಗಾಳಿ ದಟ್ಟವಾಗಿಯೂ ಇರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 10ರಷ್ಟು ಕಡಿಮೆ. ಒಳಗಿನ ಗಾಳಿ, ಹೊರಗಿನ ಗಾಳಿ ಎರಡೂ ಅಷ್ಟೇ ಪ್ರಮಾಣದಲ್ಲಿ ತೆಳುವಾಗುವುದರಿಂದ ಅವುಗಳ ನಡುವಿನ ವ್ಯತ್ಯಾಸವೂ ಶೇಕಡಾ 10ರಷ್ಟು ಕುಗ್ಗುತ್ತದೆ. 15 ಡಿಗ್ರಿಯ ಮುಂಜಾನೆಯಲ್ಲೂ ನಮ್ಮ ಬಲೂನು ಇಲ್ಲಿ 614ರ ಬದಲು ಸುಮಾರು 550 ಕಿಲೋ ಎತ್ತುತ್ತದೆ. ಒಬ್ಬರು ಬುಟ್ಟಿಯಿಂದ ಇಳಿಯಬೇಕು.

ಇದರ ತುತ್ತತುದಿಯ ಉದಾಹರಣೆ 2005ರ ನವೆಂಬರ್ 26ರದು. ಅಂದು ಉದ್ಯಮಿ ವಿಜಯಪತ್ ಸಿಂಘಾನಿಯಾ ಮುಂಬೈಯಿಂದ ಬಿಸಿಗಾಳಿ ಬಲೂನಿನಲ್ಲಿ ಹೊರಟು ಸುಮಾರು 21 ಕಿಲೋಮೀಟರ್ ಎತ್ತರ ಮುಟ್ಟಿ ವಿಶ್ವದಾಖಲೆ ಬರೆದರು. ಆ ಎತ್ತರದಲ್ಲಿ ಹೊರಗೆ ಶೂನ್ಯಕ್ಕಿಂತ 55 ಡಿಗ್ರಿಯಷ್ಟು ಕೆಳಗಿನ ಚಳಿ. ಇದು ಬಲೂನಿಗೆ ಅನುಕೂಲವೇ. ಆದರೆ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಹದಿನಾರರಲ್ಲಿ ಒಂದು ಪಾಲು. ನಮ್ಮ 2,200 ಘನ ಮೀಟರಿನ ಬಲೂನು ಅಲ್ಲಿ ಎತ್ತಬಲ್ಲದ್ದು 70 ಕಿಲೋ, ತನ್ನ ಬಟ್ಟೆಯ ತೂಕಕ್ಕೂ ಸಾಲದಷ್ಟು. ಅದಕ್ಕೇ ಅವರ ಬಲೂನು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದಿತ್ತು.

ಬೆಂಕಿ ಇನ್ನಷ್ಟು ಜೋರು ಮಾಡಿದರೆ?

ಎತ್ತುವ ಶಕ್ತಿ ಕಡಿಮೆಯಾದರೆ ಒಳಗಿನ ಗಾಳಿಯನ್ನು ಇನ್ನಷ್ಟು ಕಾಯಿಸಬಹುದಲ್ಲ ಎನಿಸುತ್ತದೆ. ಇಲ್ಲಿ ಎರಡು ಅಡ್ಡಿಗಳಿವೆ.

ಮೊದಲನೆಯದು, ಕಾಯಿಸುತ್ತ ಹೋದಂತೆ ಲಾಭ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ಒಳಗಿನ ಗಾಳಿ 15ರಿಂದ 35 ಡಿಗ್ರಿಗೆ ಏರಿದಾಗ ನಮ್ಮ ಬಲೂನಿಗೆ ಸಿಗುವುದು 175 ಕಿಲೋ. 100ರಿಂದ 120ಕ್ಕೆ ಏರಿದಾಗ ಸಿಗುವುದು 106 ಕಿಲೋ ಮಾತ್ರ. ಏರಿಕೆ ಎರಡು ಕಡೆಯೂ 20 ಡಿಗ್ರಿ. ಜೊತೆಗೆ ಬಿಸಿ ಹೆಚ್ಚಾದಷ್ಟೂ ಬಟ್ಟೆಯ ಮೂಲಕ ಶಾಖ ಬೇಗ ಸೋರುವುದರಿಂದ ಅನಿಲವೂ ಬೇಗ ಮುಗಿಯುತ್ತದೆ.

ಎರಡನೆಯ ಅಡ್ಡಿ ಬಟ್ಟೆ. ಚೀಲವನ್ನು ಸಾಮಾನ್ಯವಾಗಿ ಲೇಪನ ಹಚ್ಚಿದ ನೈಲಾನಿನಿಂದ ಹೊಲಿದಿರುತ್ತಾರೆ. ನೈಲಾನ್ ಕರಗಲು 200 ಡಿಗ್ರಿಗಿಂತ ಹೆಚ್ಚು ಶಾಖ ಬೇಕು, ಆದರೆ ಅದಕ್ಕಿಂತ ಬಹಳ ಮೊದಲೇ ಬಟ್ಟೆ ಬಲ ಕಳೆದುಕೊಳ್ಳತೊಡಗುತ್ತದೆ, ಲೇಪನ ಹಾಳಾಗಿ ಗಾಳಿ ಸೋರುತ್ತದೆ. ಹಾಗಾಗಿ ಸುಮಾರು 120 ಡಿಗ್ರಿಯ ಆಸುಪಾಸನ್ನು ಮಿತಿಯಾಗಿ ಇಟ್ಟುಕೊಳ್ಳುತ್ತಾರೆ. ಒಳಗಿನ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ ಎಂಬುದೂ ಮುಖ್ಯ. ಅತಿ ಬಿಸಿಯಾದ ಗಾಳಿ ನೆತ್ತಿಯಲ್ಲಿ ಸೇರುತ್ತದೆ. ಸರಾಸರಿ 100 ಡಿಗ್ರಿ ಇರುವಾಗಲೇ ನೆತ್ತಿ ಮಿತಿಯ ಹತ್ತಿರ ಹೋಗಿರಬಹುದು. ಅಲ್ಲಿ ಉಷ್ಣತೆ ಅಳೆಯುವ ಸಾಧನ ಇಟ್ಟು ಪೈಲಟ್ ಅದನ್ನು ಗಮನಿಸುತ್ತಿರುತ್ತಾರೆ. ಹಲವು ಬಲೂನುಗಳಲ್ಲಿ ನೆತ್ತಿಗೆ ಚಿಕ್ಕದೊಂದು ಬಾವುಟವನ್ನೂ ಕಟ್ಟಿರುತ್ತಾರೆ. ಮಿತಿ ಮೀರಿದರೆ ಅದನ್ನು ಹಿಡಿದ ಬೆಸುಗೆ ಕರಗಿ ಬಾವುಟ ಕೆಳಗೆ ಬೀಳುತ್ತದೆ.

ಹೊರೆ ಹೆಚ್ಚಾದ ಬಲೂನನ್ನು ಗುರುತಿಸುವುದು ಕಷ್ಟವಲ್ಲ. ಬರ್ನರ್ ಬಿಡುವಿಲ್ಲದೆ ಉರಿಯುತ್ತಿದ್ದರೂ ಅದು ನಿಧಾನವಾಗಿ ಏರುತ್ತದೆ, ನೆತ್ತಿಯ ಉಷ್ಣತೆ ಮಿತಿಗೆ ಅಂಟಿಕೊಂಡೇ ಇರುತ್ತದೆ. ಇಂಥ ಬಲೂನಿಗೆ ಎದುರು ಮರವೋ ವಿದ್ಯುತ್ ತಂತಿಯೋ ಬಂದಾಗ ತಟ್ಟನೆ ಮೇಲೇರಲು ಶಕ್ತಿ ಉಳಿದಿರುವುದಿಲ್ಲ. ಅಪಾಯ ಇರುವುದು ಅಲ್ಲಿ. ಆದ್ದರಿಂದ ಹಾರಾಟಕ್ಕೆ ಮುನ್ನ ಪೈಲಟ್ ಹೊರಗಿನ ಉಷ್ಣತೆ, ಜಾಗದ ಎತ್ತರ ಮತ್ತು ಏರಬೇಕಾದ ಎತ್ತರ ನೋಡಿ, ಬಲೂನಿನ ತಯಾರಕರು ಕೊಟ್ಟ ಕೋಷ್ಟಕದಲ್ಲಿ ಹೊರೆಯ ಲೆಕ್ಕ ಹಾಕುತ್ತಾರೆ. ಬುಟ್ಟಿ ಹತ್ತುವ ಮೊದಲು ಅವರು ನಮ್ಮ ತೂಕ ಕೇಳಿದರೆ ಅದನ್ನು ಸರಿಯಾಗಿ ಹೇಳಬೇಕು. ಬುಟ್ಟಿಯಲ್ಲಿ ಇನ್ನೂ ಜಾಗ ಇದ್ದರೂ ಇವತ್ತು ಇಷ್ಟೇ ಜನ ಎಂದರೆ, ಅಂದಿನ ಗಾಳಿ ಎತ್ತಬಲ್ಲದ್ದು ಅಷ್ಟೇ ಎಂದು ಅರ್ಥ.